ಹಿಟ್ಟು ಮಲಗಿಸುವುದು

ಬನ್ನಣ್ಣನಿಗೆ ಆ ಹೆಸರನ್ನು ಮೊದಲು ಇಟ್ಟವರು ಯಾರೆಂದು ಅವನಿಗೂ ನೆನಪಿರಲಿಲ್ಲ. ಮೀಸೆ ಮೂಡುವ ಮೊದಲೇ ಬೇಕರಿಗೆ ಸೇರಿ ಬನ್ನಿನ ಮೇಜಿಗೆ ನಿಂತವನು, ಮೀಸೆ ನರೆತರೂ ಅಲ್ಲೇ ನಿಂತಿದ್ದ. ನಿಂತಿದ್ದ ಎನ್ನುವುದು ಬರೀ ಮಾತಿಗೆ ಹೇಳಿದ್ದಲ್ಲ. ಬ್ರೆಡ್ಡು ಬನ್ನಿನ ಕೆಲಸದಲ್ಲಿ ಕೂರುವುದೆಂಬುದೇ ಇಲ್ಲ. ಹಿಟ್ಟು ನಾದುವಾಗ ನಿಲ್ಲಬೇಕು, ಉಂಡೆ ಕಟ್ಟುವಾಗ ನಿಲ್ಲಬೇಕು, ಭಟ್ಟಿಗೆ ಟ್ರೇ ತಳ್ಳುವಾಗ ನಿಂತು ಬಗ್ಗಬೇಕು. ಇಡೀ ಬೇಕರಿಯಲ್ಲಿ ಕೂತು ಮಾಡುವ ಕೆಲಸ ಒಂದೇ ಇತ್ತು: ಹಿಂದಿನ ಕಿಟಕಿಯ ಪಕ್ಕದ ಕುಕೀ ಮೇಜು. ಅದರ ಕೆಳಗೆ ಒಂದು ಮರದ ಸ್ಟೂಲಿತ್ತು. ಅದರ ಮೇಲೆ ಅಷ್ಟು ವರ್ಷ ಕೂತವಳು ಕುಕೀ ಅಕ್ಕ.

ಅಕ್ಕನ ಬಲ ಮಣಿಕಟ್ಟು ಮರಗಟ್ಟತೊಡಗಿತು. ಬೆರಳು ಜುಮ್ಮೆನ್ನುತ್ತದೆ, ಹಿಡಿದ ಚಮಚ ಜಾರಿ ಬೀಳುತ್ತದೆ ಎಂದಳು. ವೈದ್ಯರು ಪಟ್ಟಿ ಕಟ್ಟಿ, ಕೆಲಸ ಬಿಡಬೇಕೆಂದರು. ಹೆಚ್ಚು ಕಡಿಮೆ ಅದೇ ಹೊತ್ತಿಗೆ ಬನ್ನಣ್ಣನ ಬಲ ಭುಜ ಕೈ ಕೊಟ್ಟಿತು. ತೋಳು ಕಿವಿಯವರೆಗೂ ಏಳುತ್ತಿರಲಿಲ್ಲ. ಬೆಳಿಗ್ಗೆ ಅಂಗಿಯ ತೋಳಿಗೆ ಕೈ ತೂರಿಸಲು ಹೆಂಡತಿ ಬೇಕು. "ಮದುವೆ ದಿನ ನಾಚ್ಕೊಂಡು ನಿಂತಿದ್ದೆ ನೀನು. ಈಗ ನೋಡು, ದಿನಾ ನಾನೇ ಅಲಂಕಾರ ಮಾಡ್ಬೇಕು" ಎಂದು ಅವಳು ಗುಂಡಿ ಹಾಕುತ್ತಿದ್ದಳು. ಭುಜದ ಸುದ್ದಿಯನ್ನು ಬೇಕರಿಯಲ್ಲಿ ಅವನು ಯಾರಿಗೂ ಹೇಳಿರಲಿಲ್ಲ. ಕುಕೀ ಮೇಜು ಖಾಲಿಯಾದಾಗ, "ನಾನು ನೋಡ್ಕೋತೀನಿ ಬಿಡಮ್ಮ" ಎಂದು ಯಜಮಾನಿಗೆ ತಾನಾಗಿಯೇ ಹೇಳಿದ, ಅಷ್ಟೇ. ಅವಳು ಹಳೆಯ ಯಜಮಾನರ ಮಗಳು. ಲಂಗ ತೊಟ್ಟು ಹಿಟ್ಟಿನ ಮೂಟೆಗಳ ಮೇಲೆ ಜಾರುಬಂಡಿ ಆಡುತ್ತಿದ್ದ ಕಾಲದಿಂದ ಅವಳನ್ನು ಬಲ್ಲವನು ಬನ್ನಣ್ಣ. ಅಪ್ಪ ಹೋದ ಮೇಲೆ ಬೇಕರಿ ಅವಳ ತಲೆಗೆ ಬಂದಿತ್ತು. ಅವನ ಮಾತಿಗೆ ಒಪ್ಪಿಕೊಂಡಳು.

ಹೋಗುವ ಮೊದಲು ಅಕ್ಕ ಬಾಯಲ್ಲೇ ಎಲ್ಲ ಹೇಳಿಕೊಟ್ಟಳು. "ಬೆಣ್ಣೆ ಮೆತ್ತಗಿರ್ಲಿ. ಸಕ್ಕರೆ ಮೈದಾದ ಅರ್ಧ, ತೂಕದಲ್ಲಿ. ಬೆಣ್ಣೆ ಸಕ್ಕರೆ ಸೇರಿಸಿ ಬಡಿ, ಆಮೇಲೆ ಮೊಟ್ಟೆ, ಕೊನೆಗೆ ಮೈದಾ. ನಾದ್ಬೇಡ, ಇದು ಬ್ರೆಡ್ಡಲ್ಲ. ಕಲಸಿ ಆದ್ಮೇಲೆ ಹಿಟ್ಟನ್ನ ಚೆನ್ನಾಗಿ ಮಲಗಿಸು, ಸಾಕಷ್ಟು ಹೊತ್ತು ಮುಟ್ಬೇಡ. ಅಷ್ಟೇ ಕಣೋ, ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು."

ಅಷ್ಟು ಸಲೀಸಾಗಲಿಲ್ಲ.

ಮೊದಲ ದಿನ ಭಟ್ಟಿಯಿಂದ ಹೊರಬಂದ ಟ್ರೇ ನೋಡಿ ಭಟ್ಟಿಯವನೇ ಕಣ್ಣರಳಿಸಿದ. ಗುಂಡಗೆ ಸಾಲಾಗಿ ಇಟ್ಟ ಉಂಡೆಗಳು ಕರಗಿ, ಹರಿದು, ಪಕ್ಕದವುಗಳ ಜೊತೆ ಕೂಡಿಕೊಂಡು ಒಂದೇ ಹಾಳೆಯಾಗಿದ್ದವು. ಅಂಚು ಕಂದು ಜಾಲರಿ, ನಡುವೆ ಕಾಗದದಷ್ಟು ತೆಳು.

"ಏನ್ ಬನ್ನಣ್ಣ ಇದು, ಕುಕೀನಾ ಭೂಪಟನಾ?" ಎಂದ ಭಟ್ಟಿಯವನು. "ಸಮುದ್ರ ಯಾವ ಕಡೆ ಬರುತ್ತೆ?"

"ನಿನ್ನ ಭಟ್ಟಿ ಸರಿ ಇದ್ದಿದ್ರೆ ಹೀಗಾಗ್ತಿತ್ತಾ?"

"ನನ್ನ ಭಟ್ಟಿಯಿಂದ ಅಕ್ಕನ ಕುಕೀಸು ದುಂಡಗೆ ಬರ್ತಿದ್ವು. ಭಟ್ಟಿ ಅದೇ, ಬೆಂಕಿ ಅದೇ. ಬದಲಾಗಿದ್ದು ಕೈ."

ಆ ಮಾತು ನಾಟಿತು. ಉರಿ ಹೆಚ್ಚು ಕಡಿಮೆ ಆಗಿರಲಿಲ್ಲ ಎಂಬುದು ಬನ್ನಣ್ಣನಿಗೂ ಗೊತ್ತಿತ್ತು. ಅದೇ ಭಟ್ಟಿಯ ಬನ್ನುಗಳು ಎಂದಿನಂತೆ ಹೊಂಬಣ್ಣಕ್ಕೆ ಬೆಂದಿದ್ದವು.

ಕುಕೀಗಳು ಹೋಗುತ್ತಿದ್ದದ್ದು ದುಂಡು ಡಬ್ಬಿಗಳಲ್ಲಿ. ಡಬ್ಬಿಯ ಬಾಯಿ ಒಂದು ಕುಕೀಯ ಅಗಲಕ್ಕಿಂತ ಕೂದಲೆಳೆಯಷ್ಟೇ ದೊಡ್ಡದು. ಒಂದರ ಮೇಲೊಂದು ಜೋಡಿಸಿ ಮುಚ್ಚಳ ಒತ್ತಿದರೆ ಟಪ್ ಎಂದು ಕೂರಬೇಕು. ಹರಡಿದ ಕುಕೀಗಳು ಬಾಯೊಳಗೇ ಇಳಿಯುತ್ತಿರಲಿಲ್ಲ. ಅಂಚು ಮುರಿದು ಇಳಿಸಿದರೆ ಆಸ್ಪತ್ರೆಯ ಮುಂದಿನ ಅಂಗಡಿಗೆ ತಲುಪುವಷ್ಟರಲ್ಲಿ ಪುಡಿ. ಅಂಗಡಿಯವನು ಮೊದಲೇ "ಸಿಹಿ ಸಾಲದು" ಎಂದು ಗೊಣಗಿದ್ದ, ಯಜಮಾನಿ ಆ ಮಾತಿಗೆ ಸಕ್ಕರೆಯನ್ನು ಸ್ವಲ್ಪ ಮುಂದೆ ಮಾಡಲು ಹೇಳಿದ್ದಳು. ಬನ್ನಣ್ಣ ಧಾರಾಳವಾಗಿಯೇ ಮುಂದೆ ಮಾಡಿದ್ದ. ಅರ್ಧವಿದ್ದದ್ದು ಮುಕ್ಕಾಲಿಗೆ ಹತ್ತಿರವಾಗಿತ್ತು. ಸಕ್ಕರೆಯೂ ಮೈದಾದ ಹಾಗೆ ಒಣ ಪದಾರ್ಥವೇ ತಾನೇ, ಹಿಟ್ಟು ಗಟ್ಟಿಯೇ ಆಗುತ್ತದೆ ಎಂದು ಅವನ ಲೆಕ್ಕ.

ಗಟ್ಟಿಯಾಗಲಿಲ್ಲ. ಆಗ ಅವನಿಗೆ ತೋಚಿದ್ದು ಮೈದಾ. ಹಿಡಿ ಹಿಡಿ ಸುರಿದ. ಹರಡುವುದು ನಿಂತಿತು, ನಿಜ. ಆದರೆ ಬಂದದ್ದು ಒಣಗಿದ, ಬಿರಿದ, ರುಚಿಯಿಲ್ಲದ ಬಿಲ್ಲೆ. ಯಜಮಾನಿ ಒಂದನ್ನು ಕಚ್ಚಿ, ಕೆನ್ನೆ ಹಿಡಿದುಕೊಂಡಳು.

"ಅಣ್ಣ, ಹಲ್ಲಿನ ಡಾಕ್ಟ್ರಿಗೂ ನಿಮಗೂ ಏನಾದ್ರೂ ಒಳಒಪ್ಪಂದ ಇದೆಯಾ?"

ನಕ್ಕವಳು ಅವಳೇ, ಆದರೆ ನಗು ಕಣ್ಣಿಗೆ ಏರಲಿಲ್ಲ. ಅವಳಿಗೂ ನಿದ್ದೆ ಕಡಿಮೆಯೇ. ಎದುರಿಗೆ ಡಬ್ಬಿಗಳು ಖಾಲಿ ನಿಂತಿದ್ದವು.

"ಈ ವಾರ ನೋಡ್ತೀನಿ" ಎಂದಳು. "ಆಗ್ಲಿಲ್ಲ ಅಂದ್ರೆ ಕುಕೀಸು ಫ್ಯಾಕ್ಟರಿಯಿಂದ ತರಿಸಿಬಿಡ್ತೀನಿ. ಆ ಮೇಜು ತೆಗೆಸಿ, ಅಲ್ಲೊಂದು ಬನ್ನಿನ ರ‍್ಯಾಕ್ ಇಟ್ಟರಾಯ್ತು."

"ನಾನು?"

"ನೀವು ಬ್ರೆಡ್ಡಿಗೆ ವಾಪಸ್ ಬನ್ನಿ ಅಣ್ಣ. ನಿಮ್ಮ ಕೈ ಇಲ್ದೆ ಅಲ್ಲೂ ಪರದಾಡ್ತಿದಾರೆ."

ಅದು ಹೊಗಳಿಕೆ. ಬನ್ನಣ್ಣನ ಕಿವಿಗೆ ಮಾತ್ರ ಬೇರೆಯಾಗಿ ಕೇಳಿಸಿತು. ಬ್ರೆಡ್ಡಿಗೆ ವಾಪಸ್ ಎಂದರೆ ಹಿಟ್ಟಿನ ತೊಟ್ಟಿ ಎತ್ತುವುದು, ತಲೆಯೆತ್ತರದ ರ‍್ಯಾಕಿನಿಂದ ಟ್ರೇ ಇಳಿಸುವುದು. ಎರಡು ದಿನ ಮಾಡಿದರೆ ಮೂರನೆಯ ದಿನ ಅಂಗಿ ಹಾಕಿಸಲು ಹೆಂಡತಿಗೂ ಆಗದು. ಸ್ಟೂಲು ಹೋದರೆ ಕೆಲಸ ಹೋದಂತೆ. ಅವನಿಗೆ ಬೇರೆ ಕೆಲಸ ಬಾರದು.

ರಜೆಯ ದಿನ ಹರಡಿ ಕೆಟ್ಟ ಒಂದು ಕುಕೀಯನ್ನು ಕಾಗದದಲ್ಲಿ ಸುತ್ತಿಕೊಂಡು ಅಕ್ಕನ ಮನೆಗೆ ಹೋದ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಮೆಟ್ಟಿಲು ಹತ್ತಿ ಅವನಿಗೆ ಏದುಸಿರು. ಅಕ್ಕ ಕಿಟಕಿಯ ಬಳಿ ಕೂತು ಎಡಗೈಯೊಂದರಲ್ಲೇ ಬಟಾಣಿ ಬಿಡಿಸುತ್ತಿದ್ದಳು. ಪಟ್ಟಿ ಕಟ್ಟಿದ ಬಲಗೈ ಯಾರದೋ ಸಾಮಾನಿನ ಹಾಗೆ ಮಡಿಲಲ್ಲಿ ಬಿದ್ದಿತ್ತು.

"ಬಾರೋ. ನಿನ್ನ ಮುಖ ನೋಡಿದ್ರೆ ನಾನೇ ವಾಸಿ ಅನ್ಸುತ್ತೆ."

ಅವನು ಕಾಗದ ಬಿಚ್ಚಿದ. ಅಕ್ಕ ಕುಕೀಯನ್ನು ತಿರುಗಿಸಿ ಅಡಿ ನೋಡಿದಳು, ಬೆಳಕಿಗೆ ಹಿಡಿದಳು, ಮುರಿದಳು, ಮೂಸಿದಳು. ತಿನ್ನಲಿಲ್ಲ.

"ಅಡಿಯೆಲ್ಲ ಜಿಡ್ಡು. ಟ್ರೇಗೆ ಎಣ್ಣೆ ಸವರಿದ್ಯಾ?"

"ಸವರದೆ? ಬನ್ನಿಗೆ ಸವರಲ್ವಾ?"

"ಬನ್ನಿಗೆ ಸವರು. ಇದರ ಮೈಯಲ್ಲೇ ಬೇಕಾದಷ್ಟು ಬೆಣ್ಣೆ ಇದೆ, ಕೆಳಗೂ ಎಣ್ಣೆ ಹಾಕಿದ್ರೆ ಜಾರದೆ ಏನು ಮಾಡುತ್ತೆ? ಬರೀ ಕಾಗದ ಹಾಸು. ಟ್ರೇ ತಣ್ಣಗಿರ್ಲಿ, ಭಟ್ಟಿಯಿಂದ ತೆಗೆದ ಬಿಸಿ ಟ್ರೇ ಮೇಲೆ ಇಡ್ಬೇಡ. ಬೆಣ್ಣೆ ಹೇಗಿತ್ತು?"

"ನೀನೇ ಹೇಳಿದ್ಯಲ್ಲ, ಮೆತ್ತಗೆ."

"ಎಷ್ಟು ಮೆತ್ತಗೆ?"

"ಚೆನ್ನಾಗೇ ಮೆತ್ತಗೆ. ಭಟ್ಟಿ ಮೇಲಿಟ್ಟಿದ್ದೆ, ಬಗ್ಗಿಸಿದ್ರೆ ಹರಿಯೋ ಹಾಗಿತ್ತು."

ಅಕ್ಕ ಹಣೆ ಚಚ್ಚಿಕೊಂಡಳು. ಎದ್ದು ಹೋಗಿ ಫ್ರಿಜ್ಜಿನಿಂದ ಒಂದು ತುಂಡು ಬೆಣ್ಣೆ ತಂದು ತಟ್ಟೆಯಲ್ಲಿಟ್ಟಳು. "ಒತ್ತು" ಎಂದಳು. ಬೆರಳು ಇಳಿಯಲಿಲ್ಲ. "ಇದು ಕಲ್ಲು. ಈಗ ಸುಮ್ನೆ ಕೂತ್ಕೋ."

ಇಬ್ಬರೂ ಬಟಾಣಿ ಬಿಡಿಸಿದರು. ಮೂರು ಕೈಯ ಕೆಲಸ. ಚಹಾ ಆಯಿತು. ಭುಜದ ಮಾತು ಬಂತು, ಮಣಿಕಟ್ಟಿನ ಮಾತು ಬಂತು, ಯಾವ ಎಣ್ಣೆ ಹಚ್ಚಿದರೂ ಅಷ್ಟೇ ಎಂದು ಇಬ್ಬರೂ ಒಪ್ಪಿದರು. ಕೆಳಗೆ ಯಾರೋ ಚಕ್ರಕ್ಕೆ ಗಾಳಿ ತುಂಬುತ್ತಿದ್ದರು.

"ಈಗ ಒತ್ತು."

ಬೆರಳು ಇಳಿಯಿತು, ಗುಳಿ ಬಿತ್ತು, ಗುಳಿ ಹಾಗೇ ಉಳಿಯಿತು. ಬೆಣ್ಣೆ ಬಣ್ಣಗೆಟ್ಟಿರಲಿಲ್ಲ, ಮೈ ಹೊಳೆಯುತ್ತಿರಲಿಲ್ಲ. ಮುಟ್ಟಿದರೆ ಇನ್ನೂ ತಂಪು.

"ಇದು ಮೆತ್ತಗೆ" ಎಂದಳು ಅಕ್ಕ. "ನೀನು ಮಾಡಿದ್ದು ಕರಗಿಸೋದು. ಎರಡಕ್ಕೂ ಒಂದೇ ಮಾತು ಬಳಸಿದ್ರೆ ಹೇಗೆ? ಇಂಥ ಬೆಣ್ಣೇನ ಸಕ್ಕರೆ ಜೊತೆ ಬಡಿದ್ರೆ ಒಳಗೆ ಗಾಳಿ ಹಿಡ್ಕೊಳ್ಳುತ್ತೆ, ಬಿಳಿಚಿಕೊಂಡು ಉಬ್ಬುತ್ತೆ. ಕರಗಿದ್ದು ಯಾವ ಗಾಳೀನ ಹಿಡಿಯುತ್ತೆ? ಭಟ್ಟಿ ಒಳಗೆ ನಡೆಯೋದು ಒಂದು ಓಟ ಕಣೋ. ಒಂದು ಕಡೆ ಬೆಣ್ಣೆ ಕರಗ್ತಾ ಹರಿಯೋಕೆ ನೋಡುತ್ತೆ, ಇನ್ನೊಂದು ಕಡೆ ಮೈದಾ ಮೊಟ್ಟೆ ಬೆಂದು ಗಟ್ಟಿಯಾಗಿ ಅದನ್ನ ತಡೆಯೋಕೆ ನೋಡುತ್ತೆ. ನೀನು ಕರಗಿಸೇ ಕೊಟ್ರೆ ಓಟ ಶುರುವಾಗೋ ಮೊದಲೇ ಬೆಣ್ಣೆ ಅರ್ಧ ದಾರಿ ಓಡಿರುತ್ತೆ."

ಬನ್ನಣ್ಣ ತಲೆಯಾಡಿಸಿದ. ಬ್ರೆಡ್ಡಿನಲ್ಲಿ ಬೆಚ್ಚಗಿರುವುದೇ ಜೀವ. ನೀರು ಉಗುರುಬೆಚ್ಚಗೆ, ಹಿಟ್ಟು ಬೆಚ್ಚಗೆ, ಮೇಲೆ ಹೊದಿಸಿದ ಬಟ್ಟೆ ಬೆಚ್ಚಗೆ. ತಣ್ಣಗಾದರೆ ಈಸ್ಟ್ ಮುಖ ಊದಿಸಿಕೊಂಡು ಕೂರುತ್ತದೆ. ಆಯುಷ್ಯವೆಲ್ಲ ಕಲಿತದ್ದು ಅದನ್ನೇ.

"ಸಕ್ಕರೆ?" ಅಕ್ಕ ಕೇಳಿದಳು.

ಹೇಳಿದ.

"ಅಯ್ಯೋ ಮಹಾರಾಯ, ಮುಕ್ಕಾಲಾ? ಸಕ್ಕರೆ ಒಣಗಿದ್ದು ಅಂದ್ಕೋಬೇಡ. ಡಬ್ಬಿಯಲ್ಲಿದ್ದಾಗ ಒಣಗಿರುತ್ತೆ, ಭಟ್ಟಿಗೆ ಹೋದ್ರೆ ಕರಗಿ ಪಾಕವಾಗುತ್ತೆ. ಮೊಟ್ಟೆ, ಬೆಣ್ಣೆಯಲ್ಲಿರೋ ನೀರನ್ನೆಲ್ಲ ಅದೇ ಎಳ್ಕೊಂಡು ಹಿಟ್ಟನ್ನ ತೆಳ್ಳಗೆ ಮಾಡುತ್ತೆ, ಬೇಗ ಗಟ್ಟಿಯಾಗೋಕೂ ಬಿಡಲ್ಲ. ಮೈದಾಕ್ಕೆ ಅದು ಶತ್ರು ಅಲ್ಲ, ಆದ್ರೆ ಅಳತೆ ಮೀರಿದ್ರೆ ತಲೆ ಮೇಲೆ ಕೂರುತ್ತೆ. ಸಿಹಿ ಸಾಲ್ದು ಅಂದವನಿಗೆ ಮೇಲೆ ನಾಲ್ಕು ಹರಳು ಉದುರಿಸಿ ಕೊಡು. ನಾಲಿಗೆಗೆ ಮೊದಲು ತಾಗೋದು ಮೇಲಿಂದೇ ತಾನೇ."

"ಹಾಗಾದ್ರೆ ಮತ್ತೆ ಅರ್ಧ."

"ಅರ್ಧ. ಇನ್ನೊಂದು ಮಾತು. ಎಲ್ಲಾನೂ ಒಟ್ಟಿಗೆ ಬದಲಾಯಿಸ್ಬೇಡ. ಒಂದೊಂದೇ ಬದಲಾಯಿಸು. ಇಲ್ಲ ಅಂದ್ರೆ ಯಾವುದರಿಂದ ಏನಾಯ್ತು ಅಂತ ದೇವರಿಗೂ ಗೊತ್ತಾಗಲ್ಲ. ಹಿಟ್ಟು ಮಲಗಿಸ್ತಿದೀಯಾ?"

"ಅದೊಂದನ್ನ ಕೇಳ್ಬೇಡ" ಎಂದ ಬನ್ನಣ್ಣ. ಆ ಮಧ್ಯಾಹ್ನ ಮೊದಲ ಸಲ ಅವನ ಬೆನ್ನು ನೆಟ್ಟಗಾಯಿತು. "ಹಿಟ್ಟು ಮಲಗಿಸೋದ್ರಲ್ಲಿ ನನ್ನ ಮೀರಿಸೋರು ಆ ಬೇಕರಿಯಲ್ಲಿ ಯಾರಿದಾರೆ?"

"ಹೂಂ, ಅದೇನೋ ನಿಜ" ಎಂದು ಅಕ್ಕ ಒಪ್ಪಿಕೊಂಡಳು.

ಮರುದಿನ ಬೆಳಿಗ್ಗೆ ಎಣ್ಣೆ ಬಿಟ್ಟು ಕಾಗದ ಹಾಸಿದ, ಮಧ್ಯಾಹ್ನದ ಸರದಿಗೆ ಬೆಣ್ಣೆಯನ್ನು ಬೆರಳಿನ ಗುಳಿ ನಿಲ್ಲುವಷ್ಟೇ ಮೆತ್ತಗಾಗಿಸಿದ. ಕುಕೀಗಳು ಹರಡಿದವು, ಆದರೆ ಬೇರೆ ಬೇರೆಯಾಗಿಯೇ ಉಳಿದವು. ಅದರ ಮರುದಿನ ಸಕ್ಕರೆಯನ್ನು ಅರ್ಧಕ್ಕೆ ಇಳಿಸಿದ. ಈ ಸಲ ದಪ್ಪ ಬಂತು, ಅಂಚಿನ ಜಾಲರಿ ಹೋಯಿತು. ಒಂದನ್ನು ಕೈಯಲ್ಲಿ ಹಿಡಿದು ಡಬ್ಬಿಯ ಬಾಯಿಗಿಟ್ಟ. ಇಳಿಯಲಿಲ್ಲ. ಅಂಗಿಯ ಗುಂಡಿಯ ದಪ್ಪದಷ್ಟು ಅಗಲ ಹೆಚ್ಚು. ಒತ್ತಿದ. ಅಂಚು ಪುಡಿಯಾಯಿತು.

"ಹತ್ತಿರ ಬಂದ್ಯಲ್ಲ" ಎಂದ ಭಟ್ಟಿಯವನು. ಈಗ ಅವನ ದನಿಯಲ್ಲಿ ಕುಚೋದ್ಯವಿರಲಿಲ್ಲ. ಬನ್ನಣ್ಣನಿಗೆ ಕುಚೋದ್ಯವೇ ವಾಸಿ ಎನ್ನಿಸಿತು.

ಮನೆಗೆ ಹೋಗಿ ಊಟದ ತಟ್ಟೆಯ ಮುಂದೆ ಹಾಗೇ ಕೂತಿದ್ದ. "ಏನು, ತಟ್ಟೇನೂ ಹರಡಿಕೊಂಡಿದೆಯಾ?" ಎಂದಳು ಹೆಂಡತಿ. ಅವನು ನಗಲಿಲ್ಲ. ಅವಳು ಅವನ ಭುಜಕ್ಕೆ ಬಿಸಿನೀರಿನ ಚೀಲ ಇಟ್ಟು, ಪಕ್ಕದಲ್ಲಿ ಕೂತು ಬಟ್ಟೆ ಮಡಚತೊಡಗಿದಳು. ಯಜಮಾನಿಯ ವಾರ ಮುಗಿಯಲು ಇನ್ನು ಒಂದು ದಿನ ಉಳಿದಿತ್ತು.

ಆ ದಿನ ಬೆಳಿಗ್ಗೆ ಬನ್ನಣ್ಣ ಮತ್ತೆ ಹಿಟ್ಟು ಕಲಸಿದ. ಎಲ್ಲವೂ ಅಕ್ಕ ಹೇಳಿದ ಹಾಗೆಯೇ. ಪಾತ್ರೆಗೆ ಒದ್ದೆ ಬಟ್ಟೆ ಹೊದಿಸಿ, ಇಷ್ಟು ವರ್ಷ ಬನ್ನಿನ ಹಿಟ್ಟನ್ನು ಇಡುತ್ತಿದ್ದ ಜಾಗದಲ್ಲೇ, ಭಟ್ಟಿಯ ಪಕ್ಕದ ಕಟ್ಟೆಯ ಮೇಲಿಟ್ಟ. ಬಟ್ಟೆಯ ಅಂಚನ್ನು ಮಗುವಿಗೆ ಹೊದಿಕೆ ಸರಿಪಡಿಸುವ ಹಾಗೆ ಒಳಗೆ ಸಿಕ್ಕಿಸಿದ. ಮತ್ತೇನು ಮಾಡಲೂ ತೋಚದೆ ಸ್ಟೂಲಿನ ಮೇಲೆ ಕೂತ.

ಹೊತ್ತೇರುವಾಗ ಅಕ್ಕ ಬಂದಳು. ಮಣಿಕಟ್ಟು ತೋರಿಸಿಕೊಂಡು ಬರುವ ದಾರಿ. ಎಲ್ಲರನ್ನೂ ನೋಡಿ ಹೋಗೋಣವೆಂದು ಹಿಂಬಾಗಿಲಿಂದ ಒಳಗೆ ಬಂದಿದ್ದಳು. ಬೆಚ್ಚಗಿನ ಕಟ್ಟೆಯ ಮೇಲಿನ ಪಾತ್ರೆ ನೋಡಿ ನಿಂತಳು.

"ಇದ್ಯಾವ ಬ್ರೆಡ್ಡೋ? ಇಷ್ಟು ಕಮ್ಮಿ ಕಲಸಿದೀರಾ?"

"ಬ್ರೆಡ್ಡಲ್ಲಕ್ಕ. ಕುಕೀ ಹಿಟ್ಟು. ಮಲಗಿಸಿದೀನಿ."

ಅಕ್ಕ ಬಟ್ಟೆ ಎತ್ತಿದಳು. ಬೆರಳಿಟ್ಟಳು. ಬೆರಳು ಎಣ್ಣೆ ಹಚ್ಚಿದಂತೆ ಹೊಳೆಯುತ್ತ ಮೇಲೆ ಬಂತು. ಅವಳ ಮುಖದಲ್ಲಿ ಮೊದಲು ಗಾಬರಿ, ಆಮೇಲೆ ಮತ್ತೇನೋ ಏರಿತು. ಅವಳು ಪಕ್ಕದ ಮೈದಾ ಮೂಟೆಯ ಮೇಲೆ ಕುಸಿದು ಕೂತು, ಪಟ್ಟಿ ಕಟ್ಟಿದ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ನಗತೊಡಗಿದಳು. ಕಣ್ಣಲ್ಲಿ ನೀರು ಬಂತು.

"ಏನಾಯ್ತಕ್ಕ?"

"ಎಲ್ಲಿ ಮಲಗಿಸಿದ್ಯೋ ಅದನ್ನ?"

"ಇಲ್ಲೇ. ಬೆಚ್ಚಗೆ."

"ಫ್ರಿಜ್ಜಲ್ಲಿ ಕಣೋ! ಫ್ರಿಜ್ಜಲ್ಲಿ!" ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನನ್ನ ಮೇಜಲ್ಲಿ ಮಲಗಿಸೋದು ಅಂದ್ರೆ ಚಳೀಲಿ ಮಲಗಿಸೋದು. ನಿಂದು ಬೆಚ್ಚಗೆ ಮಲಗಿಸೋದು. ಇಷ್ಟು ವರ್ಷ ಒಂದೇ ಸೂರಿನಡಿ ಇಬ್ಬರೂ ಒಂದೇ ಮಾತಾಡ್ತಿದ್ವಿ, ನಿಂಗೊಂದು ಅರ್ಥ, ನಂಗೊಂದು ಅರ್ಥ!"

ಬನ್ನಣ್ಣ ಪಾತ್ರೆಯನ್ನೇ ನೋಡಿದ. ಹಿಂದಿನ ದೊಡ್ಡ ಫ್ರಿಜ್ಜನ್ನು ಅವನು ದಿನವೂ ತೆಗೆಯುತ್ತಿದ್ದ: ಬೆಣ್ಣೆಗೆ, ಈಸ್ಟಿಗೆ, ಹಾಲಿಗೆ. ಅಕ್ಕ ಹೋದ ಮೇಲೆ ಅದರ ಕೆಳಗಿನ ಹಲಗೆ ಯಾಕೆ ಖಾಲಿ ಬಿದ್ದಿದೆಯೆಂದು ಕೇಳಿದ್ದೇ ಇಲ್ಲ.

"ಬೆಣ್ಣೇನ ತಂಪಾಗಿ ಬಡಿದು, ಆಮೇಲೆ ತಂದು ಬೆಂಕಿ ಪಕ್ಕ ಇಟ್ರೆ ಬಡಿದಿದ್ದಕ್ಕೆ ಅರ್ಥ ಏನು?" ಅಕ್ಕನ ನಗು ಇಳಿದಿತ್ತು. "ಫ್ರಿಜ್ಜಲ್ಲಿಟ್ರೆ ಬೆಣ್ಣೆ ಮತ್ತೆ ಬಿಗಿಯಾಗುತ್ತೆ. ಭಟ್ಟಿಗೆ ಹೋದ್ಮೇಲೆ ಕರಗೋಕೆ ತಡ ಮಾಡುತ್ತೆ, ಅಷ್ಟರಲ್ಲಿ ಅಂಚು ಬೆಂದು ನಿಂತಿರುತ್ತೆ. ಮೈದಾಕ್ಕೂ ನೀರು ಕುಡಿಯೋಕೆ ಹೊತ್ತು ಸಿಗುತ್ತೆ, ಹಿಟ್ಟು ಬಿಗಿಯುತ್ತೆ. ಈಗ್ಲೂ ಕೆಟ್ಟಿಲ್ಲ. ಒಳಗಿಡು. ನಾಳೆ ಬೆಳಿಗ್ಗೆವರೆಗೆ ಮುಟ್ಬೇಡ."

"ನಾಳೆ? ಇವತ್ತೇ ಕೊನೆ ದಿನ ಅಕ್ಕ."

ಮಾತು ಯಜಮಾನಿಗೂ ಕೇಳಿಸಿತ್ತು. ಅಂಗಡಿಯ ಕಡೆಯ ಬಾಗಿಲಲ್ಲಿ ನಿಂತಿದ್ದಳು. ಬನ್ನಣ್ಣ ಪಾತ್ರೆ ಎತ್ತಲು ಬಗ್ಗಿದ. ಬಲಗೈ ಅರ್ಧಕ್ಕೇ ನಿಂತಿತು, ಎಡಗೈಗೆ ಬದಲಾಯಿಸಿ, ಸೊಂಟಕ್ಕೆ ಆನಿಸಿಕೊಂಡು ಹೇಗೋ ಫ್ರಿಜ್ಜಿನವರೆಗೆ ಹೋದ. ಕೆಳಗಿನ ಹಲಗೆಗೆ ಇಡಲು ಮಂಡಿಯೂರಬೇಕಾಯಿತು. ಏಳುವಾಗ ಯಜಮಾನಿ ಪಕ್ಕಕ್ಕೆ ಬಂದು ಮೊಣಕೈ ಹಿಡಿದಳು.

"ಯಾವಾಗಿಂದ ಹೀಗಿದೆ ಈ ಕೈ?"

"ಸ್ವಲ್ಪ ದಿನದಿಂದ."

"ನಂಗೆ ಹೇಳ್ಬಾರ್ದಿತ್ತಾ ಅಣ್ಣ?"

"ಹೇಳಿದ್ರೆ ಮನೆಗೆ ಹೋಗಿ ರೆಸ್ಟ್ ತಗೊಳ್ಳಿ ಅಂತೀರಲ್ಲಮ್ಮ. ಮನೆಗೆ ಹೋಗಿ ಏನು ಮಾಡ್ಲಿ?"

ಯಜಮಾನಿ ಫ್ರಿಜ್ಜಿನ ಬಾಗಿಲನ್ನು ತಳ್ಳಿ ಮುಚ್ಚಿದಳು. "ಸರಿ, ನಾಳೆ ಬೆಳಿಗ್ಗೆ ನೋಡೋಣ" ಎಂದಳು. "ಡಬ್ಬೀಗೆ ಇಳಿದ್ರೆ ಮೇಜು ಇರುತ್ತೆ. ಇಳೀಲಿಲ್ಲ ಅಂದ್ರೆ ನಾನು ಸುಳ್ಳು ಹೇಳಲ್ಲ ಅಣ್ಣ, ಬೇರೆ ದಾರಿ ಇಲ್ಲ."

ಬೆಳಿಗ್ಗೆ ಹಿಟ್ಟು ಗಟ್ಟಿಯಾಗಿತ್ತು. ಚಮಚ ಸುಲಭಕ್ಕೆ ಇಳಿಯಲಿಲ್ಲ. ಬನ್ನಣ್ಣ ಸ್ಟೂಲಿನ ಮೇಲೆ ಕೂತು, ಮೊಣಕೈಯನ್ನು ಮೇಜಿಗೆ ಊರಿ, ಎಡಗೈಯಿಂದ ಉಂಡೆ ತೆಗೆದು ತಣ್ಣನೆಯ ಟ್ರೇಯ ಕಾಗದದ ಮೇಲೆ ಬಿಡುಬಿಡುವಾಗಿ ಇಟ್ಟ. ಒಂದು ಟ್ರೇಗೆ ಬೇಕಾದಷ್ಟನ್ನೇ ಹೊರಗೆ ತೆಗೆದ. ಉಳಿದದ್ದು ಮತ್ತೆ ಚಳಿಗೆ. ಮೇಲೆ ನಾಲ್ಕು ಹರಳು ಸಕ್ಕರೆ. ಭಟ್ಟಿಯವನು ಟ್ರೇಯನ್ನು ತಾನೇ ಬಂದು ಎತ್ತಿಕೊಂಡು ಹೋದ.

ಬನ್ನಣ್ಣ ನೋಡಲು ಹೋಗಲಿಲ್ಲ. ಕಿಟಕಿಯ ಹೊರಗೆ ಒಬ್ಬಳು ಹೆಂಗಸು ತನ್ನ ಮನೆಯ ಮುಂದಿನ ಮೆಟ್ಟಿಲು ತೊಳೆಯುತ್ತಿದ್ದಳು. ನೀರು ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಇಳಿದು, ರಸ್ತೆಗೆ ಬಂದು, ಹರಡಿಕೊಂಡಿತು. ಅವನು ಆ ಕಡೆಯಿಂದ ಕಣ್ಣು ತೆಗೆದ.

"ಸಮುದ್ರ ಇಲ್ಲ ಬನ್ನಣ್ಣ" ಎಂದು ಭಟ್ಟಿಯವನು ಕೂಗಿದ. "ಬರೀ ದ್ವೀಪಗಳು!"

ದುಂಡಗೆ, ಬೆರಳಿನಷ್ಟು ದಪ್ಪಗೆ, ಅಂಚು ಹೊಂಬಣ್ಣ, ನಡು ತಿಳಿ. ಆರುವವರೆಗೂ ಯಾರೂ ಮುಟ್ಟಲಿಲ್ಲ. ಆಮೇಲೆ ಯಜಮಾನಿ ಒಂದೊಂದನ್ನೇ ಡಬ್ಬಿಗೆ ಇಳಿಸಿದಳು. ಕೊನೆಯದು ಬಾಯಲ್ಲಿ ಒಂದಿಷ್ಟು ಸಿಕ್ಕಿಕೊಂಡಿತು. ಅವಳು ಬೆರಳಿನಿಂದ ಸ್ವಲ್ಪ ತಿರುಗಿಸಿದಳು, ಜಾರಿ ಇಳಿಯಿತು. ಮುಚ್ಚಳ ಒತ್ತಿದಳು. ಟಪ್.

ಅವಳು ಇನ್ನೊಂದು ಡಬ್ಬಿ ತೆಗೆದುಕೊಂಡಳು. ಹೋಗುವಾಗ, "ರ‍್ಯಾಕ್ ಬೇರೆ ಕಡೆ ಇಡ್ತೀನಿ ಅಣ್ಣ. ನೀವು ಭುಜ ತೋರಿಸ್ಕೊಂಡು ಬನ್ನಿ" ಎಂದಳು.

ಬನ್ನಣ್ಣನಿಗೆ ಸಂತೋಷವಾಗಬೇಕಿತ್ತು. ಆಯಿತೋ ಏನೋ, ದಣಿವಿನ ಅಡಿಯಲ್ಲಿ ಎಲ್ಲೋ ಇದ್ದಿರಬೇಕು. ನಾಳೆಯ ಹಿಟ್ಟನ್ನು ಕಲಸಿ, ಫ್ರಿಜ್ಜಿನ ಕೆಳಗಿನ ಹಲಗೆಗೆ ಸೇರಿಸಿ ಬಂದ. ಬ್ರೆಡ್ಡಿನಲ್ಲಾಗಿದ್ದರೆ ಹಿಟ್ಟು ಮಲಗಿದಾಗ ಅವನಿಗೆ ಕಾವಲು. ಹಿಗ್ಗಿತೇ, ಬಿದ್ದುಹೋಯಿತೇ ಎಂದು ಮತ್ತೆ ಮತ್ತೆ ಬಟ್ಟೆ ಎತ್ತಿ ನೋಡಬೇಕು. ಇದನ್ನು ನೋಡಬೇಕಾದ್ದೇ ಇರಲಿಲ್ಲ. ಸ್ಟೂಲಿನ ಮೇಲೆ ಕೂತು, ಗೋಡೆಗೆ ಒರಗಿ, ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲಿಗೆ ಇಟ್ಟುಕೊಂಡ.

ಬನ್ನಿನ ಮೇಜಿನ ಕಡೆಯಿಂದ ಯಾರೋ ಕೂಗಿ ಕೇಳಿದರು: "ಬನ್ನಣ್ಣ, ಹಿಟ್ಟು ಮಲಗ್ತಾ?"

"ಮಲಗ್ತು" ಎಂದ ಅವನು, ಕಣ್ಣು ತೆರೆಯದೆ. "ಚಳೀಲಿ."